ವಿಯೆನ್ನಾಕ್ಕೆ ಹೊರಟವರಿಗೆ ಯಾವ ಜರ್ಮನ್ ಬೇಕು?

ಬೆಂಗಳೂರಿನಲ್ಲಿ ಜರ್ಮನ್ ಕಲಿತವರ ನೋಟ್‌ಬುಕ್ಕಿನಲ್ಲಿ ಆಲೂಗಡ್ಡೆಗೆ ಕಾರ್ಟೊಫೆಲ್, ಹೂಕೋಸಿಗೆ ಬ್ಲೂಮೆನ್‌ಕೋಲ್, ಜನವರಿಗೆ ಯಾನುವಾರ್ ಎಂದು ಬರೆದಿರುತ್ತದೆ. ಅವರಿಗೆ ಕೆಲಸ ಸಿಕ್ಕಿ ವಿಯೆನ್ನಾಕ್ಕೆ ಹೋದರೆ ಅಂಗಡಿಯ ಹಲಗೆಯ ಮೇಲೆ ಎರ್ಡ್‌ಎಪ್ಫೆಲ್, ಕಾರ್ಫಿಯೋಲ್ ಎಂದಿರುತ್ತದೆ. ಸರ್ಕಾರಿ ಪತ್ರದಲ್ಲಿ ಜನವರಿಯ ಬದಲು ಯೆನ್ನರ್ ಇರುತ್ತದೆ. ಇದನ್ನು ಹಳ್ಳಿಯ ಆಡುಮಾತು ಎಂದುಕೊಂಡು ಪಕ್ಕಕ್ಕೆ ಸರಿಸುವಂತಿಲ್ಲ. ಜರ್ಮನ್ ಭಾಷೆಗೆ ಒಂದೇ ಶಿಷ್ಟ ರೂಪ ಎಂಬುದಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಮೂರೂ ದೇಶಗಳಿಗೆ ಶಾಲೆ, ಪತ್ರಿಕೆ, ಕಾನೂನುಗಳಲ್ಲಿ ಬಳಕೆಯಾಗುವ ತಮ್ಮದೇ ಶಿಷ್ಟ ಜರ್ಮನ್ ಇದೆ. ಆಸ್ಟ್ರಿಯಾ 1951ರಲ್ಲೇ ತನ್ನ ಅಧಿಕೃತ ನಿಘಂಟನ್ನು ಹೊರತಂದಿತು.

ವ್ಯಾಕರಣ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಹೊಸದಾಗಿ ಭಾಷೆ ಕಲಿಯುವ ಕೆಲಸವಿಲ್ಲ. ಕಲಿಯಬೇಕಾದ್ದು ಕೆಲವು ನೂರು ಪದಗಳನ್ನು, ಅದೂ ಹೊಟ್ಟೆಪಾಡು, ಮನೆ, ಕಚೇರಿ, ಗಡಿಯಾರಗಳ ಸುತ್ತ ಇರುವವನ್ನು. ವಿಯೆನ್ನಾಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವುದನ್ನು ಯಾವಾಗ ಕಲಿಯಬೇಕು ಎಂಬ ಕ್ರಮದಲ್ಲಿ ಬರೆಯುತ್ತೇನೆ. ಮ್ಯೂನಿಕ್, ಬರ್ಲಿನ್, ಜ್ಯೂರಿಕ್‌ಗಳು ಬೇಕಾದಲ್ಲಿ ಪಕ್ಕದಲ್ಲಿ ಬರುತ್ತವೆ.

ಹೊರಡುವ ಮೊದಲು: ಪದಪಟ್ಟಿಗೆ ಗುರುತು ಹಾಕಿ

ಹೊಸ ಪುಸ್ತಕ ಕೊಳ್ಳುವ ಮೊದಲು ಕೈಯಲ್ಲಿರುವ ಪದಪಟ್ಟಿಯನ್ನೇ ತೆರೆಯಿರಿ. ಬಿ1 ಮಟ್ಟದ ಪರೀಕ್ಷೆಯನ್ನು ಗೊಯಥೆ ಇನ್‌ಸ್ಟಿಟ್ಯೂಟ್, ಆಸ್ಟ್ರಿಯಾದ ಓಎಸ್‌ಡಿ ಮತ್ತು ಸ್ವಿಟ್ಜರ್‌ಲೆಂಡಿನ ಫ್ರಿಬೋರ್ಗ್ ವಿಶ್ವವಿದ್ಯಾಲಯ ಒಟ್ಟಿಗೆ ಸೇರಿ ರೂಪಿಸಿವೆ. ಅದರ ಪದಪಟ್ಟಿಯಲ್ಲಿ ಕೆಲವು ಪದಗಳ ಪಕ್ಕ D, A, CH ಎಂಬ ಗುರುತುಗಳಿವೆ. D ಎಂದರೆ ಜರ್ಮನಿ, A ಆಸ್ಟ್ರಿಯಾ, CH ಸ್ವಿಟ್ಜರ್‌ಲೆಂಡ್. ಪಿಯುಸಿಯಂಥ ಶಾಲಾಂತ್ಯ ಪರೀಕ್ಷೆ ಜರ್ಮನಿಯಲ್ಲಿ ಅಬಿಟೂರ್, ಉಳಿದೆರಡು ದೇಶಗಳಲ್ಲಿ ಮಟೂರಾ ಎಂದು ಅಲ್ಲೇ ಬರೆದಿದೆ. ಮಲ್ಲೇಶ್ವರದಲ್ಲಾಗಲಿ ಇಂದಿರಾನಗರದಲ್ಲಾಗಲಿ ಪಾಠ ಕೇಳುವಾಗ ಈ ಗುರುತುಗಳನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಆಗ ಊರು ಇನ್ನೂ ಗೊತ್ತಾಗಿರುವುದಿಲ್ಲ.

ಊರು ಗೊತ್ತಾದ ಮೇಲೆ A ಗುರುತಿನ ಪದಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಳ್ಳಿ. ಮೂರೂ ದೇಶಗಳ ಪದಗಳನ್ನು ಬಾಯಿಪಾಠ ಮಾಡಲು ಹೋದರೆ ಗೊಂದಲವೇ ಗತಿ. ಬಾಯಲ್ಲಿ ಒಂದು ಊರಿನ ಪದ ಇರಲಿ, ಕಿವಿಗೆ ಮಾತ್ರ ಮೂರೂ ಗೊತ್ತಿರಲಿ. ವಿಯೆನ್ನಾದಲ್ಲಿ ನೀವು ಕಾರ್ಟೊಫೆಲ್ ಎಂದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಅವರು ಎರ್ಡ್‌ಎಪ್ಫೆಲ್ ಎಂದಾಗ ನೀವು ಕಕ್ಕಾಬಿಕ್ಕಿಯಾಗುವುದೇ ತೊಂದರೆ.

ಪಟ್ಟಿಯಲ್ಲಿಲ್ಲದ ಪದ ಸಿಕ್ಕಿದರೆ ಡೂಡೆನ್ ನಿಘಂಟಿನ ಜಾಲತಾಣದಲ್ಲಿ ಹುಡುಕಿ. ಪದದ ಕೆಳಗೆ `österreichisch` ಎಂದಿದ್ದರೆ ಅದು ಆಸ್ಟ್ರಿಯಾದ್ದು, `schweizerisch` ಎಂದಿದ್ದರೆ ಸ್ವಿಟ್ಜರ್‌ಲೆಂಡಿನದು. `landschaftlich` ಎಂದಿದ್ದರೆ ಯಾವುದೋ ಒಂದು ಸೀಮೆಯ ಮಾತು, ಅದನ್ನು ಕಚೇರಿಯ ಪತ್ರದಲ್ಲಿ ಬಳಸಬೇಡಿ. ಯಾವ ಊರಿನವರು ಏನೆನ್ನುತ್ತಾರೆ ಎಂದು ನಕ್ಷೆಯ ಮೇಲೆ ಚುಕ್ಕಿಗಳಾಗಿ ನೋಡಬೇಕಾದರೆ ಸ್ಟೆಫಾನ್ ಎಲ್‌ಸ್ಪಾಸ್ ಮತ್ತು ರಾಬರ್ಟ್ ಮ್ಯೊಲ್ಲರ್ ನಡೆಸುವ ದಿನಬಳಕೆಯ ಜರ್ಮನ್ನಿನ ಅಟ್ಲಾಸ್ ಇದೆ, ಪುಕ್ಕಟೆ. ಜನರನ್ನೇ ಕೇಳಿ ಮಾಡಿದ ನಕ್ಷೆಗಳವು. ಬೆಳಗಿನ ಬನ್ನಿನ ನಕ್ಷೆ ಒಂದನ್ನೇ ನೋಡಿ: ಉತ್ತರದಲ್ಲಿ ಬ್ರ್ಯೋಟ್‌ಶೆನ್, ಬರ್ಲಿನ್ನಿನಲ್ಲಿ ಶ್ರಿಪ್ಪೆ, ಬವೇರಿಯಾ ಮತ್ತು ಆಸ್ಟ್ರಿಯಾದಲ್ಲಿ ಸೆಮ್ಮೆಲ್, ನೈರುತ್ಯದ ಕಡೆ ವೆಕ್, ವೆಕ್ಲೆ ಇತ್ಯಾದಿ.

ಮೊದಲ ದಿನ: ನಮಸ್ಕಾರ

ಜರ್ಮನ್ ನಮಸ್ಕಾರದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಯಾವ ಊರು? ಎದುರಿನವರನ್ನು ಏಕವಚನದಲ್ಲಿ ಕರೆಯುತ್ತೀರೋ, ಬಹುವಚನದಲ್ಲೋ? ನಮ್ಮ ನೀನು, ನೀವುಗಳಂತೆಯೇ ಅಲ್ಲಿ ಡು ಮತ್ತು ಜೀ ಇರುವುದರಿಂದ ಎರಡನೆಯದು ಕನ್ನಡದವರಿಗೆ ಬೇಗ ಹಿಡಿಯುತ್ತದೆ.

ವಿಯೆನ್ನಾದ ಅಂಗಡಿ, ಲಿಫ್ಟ್, ವೈದ್ಯರ ಕೊಠಡಿ ಎಲ್ಲಿ ಹೊಕ್ಕರೂ ಗ್ರ್ಯೂಸ್ ಗಾಟ್ ಎನ್ನಿ. ಅದರಲ್ಲಿ ದೇವರ ಹೆಸರಿದೆ, ಆದರೆ ಹೇಳುವವರು ಭಕ್ತರಾಗಿರಬೇಕಿಲ್ಲ. ಬವೇರಿಯಾದಲ್ಲೂ ಇದೇ ನಡೆಯುತ್ತದೆ. ದೇವರು ಬೇಡವೆನ್ನುವವರು ಗೂಟೆನ್ ಟಾಗ್ ಎಂದರೂ ಯಾರೂ ಮುಖ ತಿರುಗಿಸುವುದಿಲ್ಲ. ಹೊರಡುವಾಗ ಔಫ್ ವೀಡರ್‌ಶೌವೆನ್. ಜರ್ಮನಿಯ ಪಾಠದಲ್ಲಿ ಬರುವ ಔಫ್ ವೀಡರ್‌ಜೇಯೆನ್‌ಗೆ ಇದು ಅಣ್ಣತಮ್ಮ.

ಸೆರ್ವುಸ್ ವಿಷಯದಲ್ಲಿ ಮಾತ್ರ ಎಚ್ಚರ. ಬಂದಾಗಲೂ ಹೋಗುವಾಗಲೂ ಹೇಳಬಹುದಾದ ಸೊಗಸಾದ ಪದ ಅದು, ಆದರೆ ಡು ಎನ್ನುವವರ ನಡುವಿನದು. ಸಹೋದ್ಯೋಗಿಗಳು ಪರಸ್ಪರ ಸೆರ್ವುಸ್ ಎನ್ನುವುದನ್ನು ಕೇಳಿ, ಅದೇ ಧಾಟಿಯಲ್ಲಿ ಕಚೇರಿಯ ಮೇಜಿನ ಆಚೆ ಕುಳಿತ ವಯಸ್ಸಾದ ಅಧಿಕಾರಿಗೆ ಸೆರ್ವುಸ್ ಎಂದರೆ ನಮ್ಮಲ್ಲಿ ತಹಶೀಲ್ದಾರರಿಗೆ "ಏನಪ್ಪಾ" ಎಂದಂತೆ. ಬಬಾ ಎಂಬ ಬೀಳ್ಕೊಡುಗೆಯೂ ಹಾಗೆಯೇ, ಆಪ್ತರಿಗೆ ಮೀಸಲು.

ಆಸ್ಟ್ರಿಯಾದಲ್ಲಿ ಪದವಿಗೆ ಮರ್ಯಾದೆ ಹೆಚ್ಚು. ವೈದ್ಯೆಯನ್ನು ಫ್ರೌ ಡಾಕ್ಟರ್ ಎನ್ನುವುದು ಎಲ್ಲೆಡೆ ಇದೆ, ಇಲ್ಲಿ ಸ್ನಾತಕೋತ್ತರ ಪದವಿಯವರು ಹೆರ್ ಮಾಗಿಸ್ಟರ್ ಆಗುವುದೂ ಉಂಟು. ಬಾಗಿಲ ಫಲಕದ ಮೇಲೆ ಹೆಸರಿನ ಮುಂದೆ ಏನಿದೆ ಎಂದು ಓದಿಕೊಂಡೇ ಒಳಗೆ ಹೋಗಿ.

ಉತ್ತರ ಜರ್ಮನಿಯ ಹ್ಯಾಂಬರ್ಗ್ ಕಡೆ ಮೊಯಿನ್ ಎನ್ನುತ್ತಾರೆ. ಮುಂಜಾವಿನ ಮೊರ್ಗೆನ್ ಎಂದು ಭ್ರಮಿಸಬೇಡಿ, ರಾತ್ರಿ ಹತ್ತಕ್ಕೂ ಮೊಯಿನ್ನೇ. ಜ್ಯೂರಿಕ್‌ನಲ್ಲಿ ಗ್ರ್ಯೂಎತ್ಸಿ, ಬರ್ನ್‌ನಲ್ಲಿ ಗ್ರ್ಯೂಎಸೆಖ್, ಗೆಳೆಯರಿಗೆ ಹೊಯ್. ಅಲ್ಲಿ ಧನ್ಯವಾದಕ್ಕೆ ಫ್ರೆಂಚಿನ ಮೆರ್ಸಿ ಸಲೀಸಾಗಿ ನಡೆಯುತ್ತದೆ. ಮಧ್ಯಾಹ್ನ ಕಚೇರಿಯ ಪಡಸಾಲೆಯಲ್ಲಿ ಎದುರಾದವರು ಮಾಲ್‌ತ್ಸೈಟ್ ಎಂದರೆ ಊಟಕ್ಕೆ ಕರೆದರು ಎಂದುಕೊಳ್ಳಬೇಡಿ. ಆಸ್ಟ್ರಿಯಾ, ಜರ್ಮನಿ ಎರಡರಲ್ಲೂ ಅದು ಆ ಹೊತ್ತಿನ ನಮಸ್ಕಾರ. ಮಾಲ್‌ತ್ಸೈಟ್ ಎಂದೇ ಮರುನುಡಿಯಿರಿ, ನಡೆಯಿರಿ.

ಗಡಿಯಾರ, ಅದರಲ್ಲೂ ಮುಕ್ಕಾಲು

ವಾಸ್ತವದಲ್ಲಿ ನಷ್ಟವಾಗುವುದು ಇಲ್ಲಿ. ಮನೆ ನೋಡಲು ಹೋಗುವ ಹೊತ್ತು ತಪ್ಪಿದರೆ ಮನೆ ಬೇರೆಯವರ ಪಾಲು.

ಕನ್ನಡದಲ್ಲಿ ಏಳೂಕಾಲು, ಏಳೂವರೆ, ಏಳೂಮುಕ್ಕಾಲು ಎನ್ನುವಾಗ ಆಗಿಹೋದ ಏಳನ್ನು ಹಿಡಿದು ಮುಂದಕ್ಕೆ ಎಣಿಸುತ್ತೇವೆ. ಜರ್ಮನ್ ಬರಲಿರುವ ಎಂಟನ್ನು ನೋಡುತ್ತದೆ. ಹಾಲ್ಬ್ ಆಖ್ಟ್ ಎಂದರೆ ಅರ್ಧ ಎಂಟು, ಅಂದರೆ ಎಂಟನೆಯ ಗಂಟೆಯ ಅರ್ಧ ಕಳೆದಿದೆ, 7:30. ಇದು ಮೂರೂ ದೇಶಗಳಲ್ಲಿ ಒಂದೇ, ಪಾಠದಲ್ಲೂ ಬಂದಿರುತ್ತದೆ.

ಪಾಠದಲ್ಲಿ ಸಾಮಾನ್ಯವಾಗಿ ಬರದಿರುವುದು ಕಾಲು ಮತ್ತು ಮುಕ್ಕಾಲು. ಪುಸ್ತಕದ ಪ್ರಕಾರ 7:15 ಎಂದರೆ ಫಿಯರ್ಟೆಲ್ ನಾಖ್ ಜೀಬೆನ್, ಏಳು ದಾಟಿ ಕಾಲು. ವಿಯೆನ್ನಾದಲ್ಲಿ ಅದನ್ನೇ ಫಿಯರ್ಟೆಲ್ ಆಖ್ಟ್ ಎನ್ನುತ್ತಾರೆ, ಕಾಲು ಎಂಟು. 7:45 ಎಂದರೆ ಡ್ರೈಫಿಯರ್ಟೆಲ್ ಆಖ್ಟ್, ಮುಕ್ಕಾಲು ಎಂಟು. ಬವೇರಿಯಾದ ಬಹುಭಾಗದಲ್ಲಿ, ಬರ್ಲಿನ್ ಮತ್ತು ಸ್ಯಾಕ್ಸನಿಯಲ್ಲಿ ಕೂಡ ಇದೇ ಲೆಕ್ಕ. ಕನ್ನಡದ ಕಿವಿ ಮುಕ್ಕಾಲು ಎಂಟನ್ನು ಎಂಟೂಮುಕ್ಕಾಲು ಎಂದು ಕೇಳಿಸಿಕೊಳ್ಳುತ್ತದೆ, ಪೂರಾ ಒಂದು ಗಂಟೆ ತಡವಾಗುತ್ತದೆ.

ಇದರಿಂದ ತಪ್ಪಿಸಿಕೊಳ್ಳುವ ಸುಲಭ ದಾರಿ: ಯಾರಾದರೂ ಫಿಯರ್ಟೆಲ್ ಪದದ ನಂತರ ನಾಖ್ ಅಥವಾ ಫೋರ್ ಹೇಳದೆ ನೇರವಾಗಿ ಅಂಕಿಗೆ ಹೋದರೆ, ಆ ಅಂಕಿಯಿಂದ ಒಂದು ಕಳೆಯಿರಿ. ಆಮೇಲೆ ಗಟ್ಟಿಯಾಗಿ "ಆಲ್ಸೊ ಜೀಬೆನ್ ಊರ್ ಫ್ಯುನ್ಫ್‌ಉಂಡ್‌ಫಿಯರ್ತ್ಸಿಷ್?" ಎಂದು ಕೇಳಿ, ಅಂದರೆ "ಹಾಗಾದರೆ ಏಳು ಗಂಟೆ ನಲವತ್ತೈದು ನಿಮಿಷಕ್ಕೆ?" ಅಂಕಿಗಳಲ್ಲಿ ಹೇಳಿದರೆ ಯಾವ ಊರಿನವರಿಗೂ ಗೊಂದಲವಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಫಿಯರ್ಟೆಲ್ ಆಬ್ ಜೀಬೆನ್ ಎಂಬುದು ಕೇಳಿಬರುತ್ತದೆ. ಅದು 7:15, ನಮ್ಮ ಏಳೂಕಾಲಿನ ಲೆಕ್ಕಕ್ಕೇ ಬರುತ್ತದೆ.

ಸಂತೆ: ಹುಳಿಗೆ ತರಕಾರಿ ಕೊಳ್ಳೋಣ

ವಿಯೆನ್ನಾದ ಒಟ್ಟಾಕ್ರಿಂಗ್‌ನಲ್ಲಿ ಬ್ರುನ್ನೆನ್‌ಮಾರ್ಕ್ಟ್ ಎಂಬ ಬೀದಿ ಸಂತೆಯಿದೆ. ಭಾನುವಾರದ ಹುಳಿಗೆ ಬೇಕಾದ್ದನ್ನು ಶನಿವಾರವೇ ಅಲ್ಲಿ ಕೊಳ್ಳುವುದೆಂದು ಇಟ್ಟುಕೊಳ್ಳಿ, ಏಕೆಂದರೆ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಪಟ್ಟಿಯಲ್ಲಿ ಹುರುಳಿಕಾಯಿ, ಬದನೆಕಾಯಿ, ಆಲೂಗಡ್ಡೆ, ಟೊಮೆಟೊ, ಹೂಕೋಸು ಇವೆ. ಪುಸ್ತಕದ ಪ್ರಕಾರ ಇವು ಗ್ರ್ಯೂನೆ ಬೋನೆನ್, ಓಬೆರ್‌ಜೀನೆ, ಕಾರ್ಟೊಫೆಲ್ನ್, ಟೊಮಾಟೆನ್, ಬ್ಲೂಮೆನ್‌ಕೋಲ್. ವಿಯೆನ್ನಾದ ಪದಗಳು ಫಿಸೋಲೆನ್, ಮೆಲಾನ್ತ್ಸಾನಿ, ಎರ್ಡ್‌ಎಪ್ಫೆಲ್, ಪಾರಡೈಸರ್, ಕಾರ್ಫಿಯೋಲ್. ಐದಕ್ಕೆ ಐದೂ ಬೇರೆ.

ಮಾತು ಹೀಗೆ ಸಾಗುತ್ತದೆ.

"ಗ್ರ್ಯೂಸ್ ಗಾಟ್. ಐನ್ ಹಾಲ್ಬೆಸ್ ಕಿಲೋ ಫಿಸೋಲೆನ್, ಬಿಟ್ಟೆ."
"ಗೆರ್ನೆ. ಜೋನ್ಸ್ಟ್ ನೋಖ್ ವಾಸ್?"
"ತ್ಸ್ವೈ ಮೆಲಾನ್ತ್ಸಾನಿ ಉಂಡ್ ಐನೆನ್ ಕಾರ್ಫಿಯೋಲ್."
"ಬ್ರೌಖೆನ್ಸ್ ಐನ್ ಸಾಕರ್ಲ್?"

ಕೊನೆಯ ಸಾಲಿನಲ್ಲಿ ಹೆಚ್ಚಿನವರು ಸುಮ್ಮನೆ ನಗುತ್ತಾ ನಿಲ್ಲುತ್ತಾರೆ. ಸಾಕರ್ಲ್ ಎಂದರೆ ಚೀಲ. ಜರ್ಮನಿಯಲ್ಲಾದರೆ ಟ್ಯೂಟೆ. ಅಂಗಡಿಯವರು ಕೇಳಿದ್ದು ಚೀಲ ಬೇಕೇ ಎಂದು. "ನೈನ್, ಡಾಂಕೆ" ಎಂದು ನಿಮ್ಮ ಬಟ್ಟೆ ಚೀಲ ಮುಂದೆ ಮಾಡಿದರಾಯಿತು.

ಇನ್ನು ಟೊಮೆಟೊ. ಪಾರಡೈಸರ್ ಎಂಬುದು ಆಸ್ಟ್ರಿಯಾದ ಪೂರ್ವ ಭಾಗದ, ಮುಖ್ಯವಾಗಿ ವಿಯೆನ್ನಾ ಸುತ್ತಲಿನ ಪದ. ಸ್ವಿಸ್ ಗಡಿಯ ಫೋರಾರ್ಲ್‌ಬೆರ್ಗ್‌ನಲ್ಲಿ ಅದನ್ನು ಕೇಳುವುದು ಅಪರೂಪ. ವಿಯೆನ್ನಾದ ಸೂಪರ್‌ಮಾರ್ಕೆಟ್‌ನಲ್ಲೂ ಟೊಮಾಟೆನ್ ಎಂಬ ಚೀಟಿ ಸಾಕಷ್ಟು ಕಾಣುತ್ತದೆ. ಒಂದು ದೇಶಕ್ಕೆ ಒಂದು ಪದ ಎಂದು ಗೆರೆ ಎಳೆಯಲಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೋಸಿನಲ್ಲೂ ಒಂದು ಸಿಕ್ಕಿದೆ. ಆಸ್ಟ್ರಿಯಾದಲ್ಲಿ ಬರೀ ಕೋಲ್ ಎಂದರೆ ಸುಕ್ಕುಸುಕ್ಕಾದ ಹಸಿರು ಸವಾಯ್ ಕೋಸು, ಜರ್ಮನಿಯವರು ಅದನ್ನು ವಿರ್ಸಿಂಗ್ ಎನ್ನುತ್ತಾರೆ. ಪಲ್ಯಕ್ಕೆ ನಮಗೆ ಬೇಕಾದ ಬಿಳಿ ಎಲೆಕೋಸಿಗೆ ವಿಯೆನ್ನಾದಲ್ಲಿ ವೈಸ್‌ಕ್ರೌಟ್ ಎಂದು ಕೇಳಿ.

ಮೆಣಸಿನಕಾಯಿಯ ಗೊಂದಲ ಇದಕ್ಕಿಂತ ಖಾರ. ಜರ್ಮನಿಯಲ್ಲಿ ಪೆಪೆರೋನಿ ಎಂದರೆ ಖಾರದ ಉದ್ದನೆಯ ಕಾಯಿ. ಸ್ವಿಟ್ಜರ್‌ಲೆಂಡಿನಲ್ಲಿ ಪೆಪೆರೋನಿ ಎಂದರೆ ದೊಣ್ಣೆ ಮೆಣಸಿನಕಾಯಿ, ಖಾರವೇ ಇಲ್ಲ. ಅಲ್ಲಿ ಖಾರದ್ದು ಪೆಪೆರೊನ್‌ಚೀನಿ. ಆಸ್ಟ್ರಿಯಾದಲ್ಲಿ ದೊಣ್ಣೆ ಮೆಣಸಿಗೆ ಪಾಪ್ರಿಕಾ, ಖಾರದ್ದಕ್ಕೆ ಪ್ಫೆಫೆರೋನಿ. ಜ್ಯೂರಿಕ್‌ನಲ್ಲಿ ಪೀತ್ಸಾದ ಮೇಲೆ ಪೆಪೆರೋನಿ ಎಂದು ಬರೆದಿದ್ದರೆ ಮಾಂಸದ ಸಾಸೇಜು ಎಂದು ಹೆದರುವುದೂ ಬೇಡ, ಖಾರವನ್ನು ನಿರೀಕ್ಷಿಸುವುದೂ ಬೇಡ.

ಹಾಲಿನ ಪದಾರ್ಥಗಳಿಗೆ ಬಂದರೆ, ಜರ್ಮನಿಯ ಕ್ವಾರ್ಕ್ ಇಲ್ಲಿ ಟೋಪ್ಫೆನ್. ನೀರಿಳಿಸಿದ ಗಟ್ಟಿ ಮೊಸರಿನಂತಿರುವ ತಾಜಾ ಗಿಣ್ಣು ಅದು. ಪನೀರ್ ಸಿಗದ ಕಡೆ ಪರಾಠದ ಹೂರಣಕ್ಕೆ ಆಗುತ್ತದೆ, ಆದರೆ ತುಂಡು ಮಾಡಿ ಹುರಿಯಲು ಹೋದರೆ ಕರಗಿಬಿಡುತ್ತದೆ. ಕೆನೆಗೆ ಜರ್ಮನಿಯಲ್ಲಿ ಜಾನೆ, ವಿಯೆನ್ನಾದಲ್ಲಿ ಓಬರ್ಸ್, ಸ್ವಿಟ್ಜರ್‌ಲೆಂಡಿನಲ್ಲಿ ರಾಮ್. ಕಾಫಿಯ ಮೇಲೆ ಹಾಕುವ ಕಡೆದ ಕೆನೆ ವಿಯೆನ್ನಾದಲ್ಲಿ ಶ್ಲಾಗ್‌ಓಬರ್ಸ್.

ಅಳತೆಯಲ್ಲಿ ಒಂದೇ ಒಂದು ಪದ ಕಲಿಯಿರಿ: ಡೆಕಾ. ಒಂದು ಡೆಕಾ ಎಂದರೆ 10 ಗ್ರಾಂ. ಗಿಣ್ಣಿನ ಅಂಗಡಿಯಲ್ಲಿ ತ್ಸ್ವಾನ್ತ್ಸಿಷ್ ಡೆಕಾ ಎಂದರೆ 200 ಗ್ರಾಂ. ಜರ್ಮನಿಯವರಿಗೆ ಡೆಕಾ ಪರಿಚಿತವಲ್ಲ, ಅವರು ಆಡುಮಾತಿನಲ್ಲಿ ಪ್ಫುಂಡ್ ಎನ್ನುತ್ತಾರೆ. ಅದು ಸರಿಯಾಗಿ 500 ಗ್ರಾಂ, ಇಂಗ್ಲಿಷ್ ಪೌಂಡಿನ 454 ಗ್ರಾಂ ಅಲ್ಲ.

ಸಸ್ಯಾಹಾರಿಗಳು ಮೊದಲ ವಾರದಲ್ಲೇ ಕಲಿಯಬೇಕಾದ ಪದಗಳೂ ಇವೆ. ಕೊಚ್ಚಿದ ಮಾಂಸಕ್ಕೆ ಜರ್ಮನಿಯಲ್ಲಿ ಹಾಕ್‌ಫ್ಲೈಶ್, ಅದರಲ್ಲಿ ಫ್ಲೈಶ್ ಇರುವುದರಿಂದ ಮಾಂಸವೆಂದು ಗೊತ್ತಾಗುತ್ತದೆ. ಆಸ್ಟ್ರಿಯಾದಲ್ಲಿ ಅದು ಫಾಶೀರ್ಟೆಸ್. ಹೆಸರಿನಲ್ಲಿ ಮಾಂಸದ ಸುಳಿವೇ ಇಲ್ಲ. ಅದರ ವಡೆ ಫಾಶೀರ್ಟೆ ಲೈಬ್‌ಶೆನ್, ಬರ್ಲಿನ್ನಿನಲ್ಲಿ ಬುಲೆಟ್ಟೆ, ಮ್ಯೂನಿಕ್‌ನಲ್ಲಿ ಫ್ಲೈಶ್‌ಪ್ಫ್ಲಾನ್ತ್ಸರ್ಲ್. ಈ ಕೊನೆಯದರ ಬಾಲದಲ್ಲಿ ಸಸ್ಯ ಎಂಬರ್ಥದ ಪ್ಫ್ಲಾನ್ತ್ಸೆ ಕೇಳಿದಂತಾಗುತ್ತದೆ, ಅಪ್ಪಟ ಮಾಂಸವೇ. ಗ್ರಾಮ್ಮೆಲ್ನ್ ಎಂದರೆ ಹಂದಿ ಕೊಬ್ಬಿನ ಕುರುಕಲು, ಉಂಡೆಗಳ ಒಳಗೆ ಅಡಗಿರುತ್ತದೆ. ಫ್ರಿಟಾಟೆನ್‌ಜುಪ್ಪೆ ಎಂಬ ಸೂಪಿನಲ್ಲಿ ಕಾಣುವುದು ದೋಸೆಯ ಎಳೆಗಳಷ್ಟೇ, ಆದರೆ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಕೇಳಬೇಕಾದ ಪ್ರಶ್ನೆ "ಇಸ್ಟ್ ಡಾಸ್ ಐನೆ ರಿಂಡ್‌ಜುಪ್ಪೆ?" ವೆಜಿಟಾರಿಶ್ ಎಂದಷ್ಟೇ ಕೇಳಿದರೆ ಕೆಲವು ಹಳೆಯ ಹೋಟೆಲುಗಳಲ್ಲಿ ಮಾಂಸದ ತುಂಡಿಲ್ಲ ಎಂಬರ್ಥದಲ್ಲಿ ಹೌದು ಎಂದುಬಿಡುತ್ತಾರೆ.

ಈ ತರಕಾರಿ ಪದಗಳಿಗೆ ಕಾನೂನಿನ ಕಾವಲೂ ಇದೆ. ಆಸ್ಟ್ರಿಯಾ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ, ಜರ್ಮನಿಯ ಪದಗಳೇ ಎಲ್ಲ ಚೀಟಿಗಳ ಮೇಲೂ ಬಂದು ಕೂರುತ್ತವೆ ಎಂಬ ಭಯ ಜನರಲ್ಲಿತ್ತು. "ಎರ್ಡ್‌ಎಪ್ಫೆಲ್ ಸಾಲಡ್ ಎರ್ಡ್‌ಎಪ್ಫೆಲ್ ಸಾಲಡ್ ಆಗಿಯೇ ಉಳಿಯುತ್ತದೆ" ಎಂಬ ಭಿತ್ತಿಪತ್ರಗಳು ವಿಯೆನ್ನಾದಲ್ಲಿ ಎದ್ದವು. ಸೇರ್ಪಡೆಯ ಒಪ್ಪಂದಕ್ಕೆ 10ನೇ ಪ್ರೋಟೋಕಾಲ್ ಎಂಬ ಪುಟ್ಟ ದಸ್ತಾವೇಜು ಜೋಡಿಸಿ, 23 ಆಹಾರ ಪದಗಳಿಗೆ ಜರ್ಮನಿಯ ಪದಗಳಷ್ಟೇ ಕಾನೂನು ಸ್ಥಾನ ಕೊಟ್ಟರು. ಮೇಲೆ ಬಂದ ಫಿಸೋಲೆನ್, ಮೆಲಾನ್ತ್ಸಾನಿ, ಎರ್ಡ್‌ಎಪ್ಫೆಲ್, ಪಾರಡೈಸರ್, ಕಾರ್ಫಿಯೋಲ್, ಟೋಪ್ಫೆನ್, ಓಬರ್ಸ್, ಫಾಶೀರ್ಟೆಸ್, ಗ್ರಾಮ್ಮೆಲ್ನ್ ಎಲ್ಲವೂ ಅದರಲ್ಲಿವೆ, ಏಪ್ರಿಕಾಟಿನ ಮರಿಲ್ಲೆನ್ ಕೂಡ. ಅಡುಗೆಮನೆ ದಾಟಿ ಕಚೇರಿಯ ಪದಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ನನ್ನ ಮಟ್ಟಿಗೆ ಹೊಸಬರಿಗೆ ಹೆಚ್ಚು ಕಾಡುವುದು ಆ ಪದಗಳೇ.

ಮನೆ ಮತ್ತು ನೋಂದಣಿ: ಮೂರು ದಿನ ಎಂದರೆ ಮೂರೇ ದಿನ

ಬೆಂಗಳೂರಿನಲ್ಲಿ ಕುಳಿತು ಬರ್ಲಿನ್ನಿನ ಗೆಳೆಯರನ್ನು ಕೇಳಿದರೆ, "ಆನ್‌ಮೆಲ್ಡುಂಗ್ ಮಾಡಿಸು, ಎರಡು ವಾರ ಟೈಮಿದೆ" ಎನ್ನುತ್ತಾರೆ. ಜರ್ಮನಿಯ ಮಟ್ಟಿಗೆ ಅದು ಸರಿ. ಅಲ್ಲಿ ಹೋಗಬೇಕಾದ್ದು ಬ್ಯುರ್ಗರ್‌ಆಮ್ಟ್ ಎಂಬ ಕಚೇರಿಗೆ, ಮನೆ ಕೊಟ್ಟವರಿಂದ ತರಬೇಕಾದ್ದು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ಪತ್ರ. ಆಸ್ಟ್ರಿಯಾದಲ್ಲಿ ಮನೆ ಹೊಕ್ಕ ಮೂರು ದಿನದೊಳಗೆ ನೋಂದಣಿ ಆಗಬೇಕು. ಗೆಳೆಯರ ಮಾತು ನಂಬಿ ಕುಳಿತರೆ ಗಡುವು ಮೀರುತ್ತದೆ.

ವಿಯೆನ್ನಾದಲ್ಲಿ ಈ ಕೆಲಸದ ಹೆಸರೇ ಮೆಲ್ಡೆತ್ಸೆಟ್ಟೆಲ್. ಅದು ಒಂದು ಹಾಳೆಯ ಅರ್ಜಿ. ತುಂಬುವ ಮೊದಲು ಮೂರು ಪದ ಗುರುತಿಟ್ಟುಕೊಳ್ಳಿ. ಹೌಪ್ಟ್‌ವೋನ್‌ಜಿತ್ಸ್ ಎಂದರೆ ಮುಖ್ಯ ವಾಸಸ್ಥಳ, ಇದೊಂದೇ ಮನೆಯಾದರೆ ಅದಕ್ಕೆ ಹೌದು ಎನ್ನಿ. ಉಂಟರ್‌ಕುನ್ಫ್ಟ್‌ಗೇಬರ್ ಎಂದರೆ ನಿಮಗೆ ಇರಲು ಜಾಗ ಕೊಟ್ಟವರು. ಮನೆಯ ಒಡೆಯರಿಂದ ನೇರವಾಗಿ ಬಾಡಿಗೆಗೆ ಪಡೆದಿದ್ದರೆ ಅವರ ಸಹಿ, ಇನ್ನೊಬ್ಬ ಬಾಡಿಗೆದಾರರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಆ ಬಾಡಿಗೆದಾರರ ಸಹಿ ಅಲ್ಲಿ ಬೇಕು. ಆ ಸಹಿ ಇಲ್ಲದೆ ಸರದಿಯಲ್ಲಿ ನಿಂತರೆ ವಾಪಸು ಕಳಿಸುತ್ತಾರೆ, ಆದ್ದರಿಂದ ಕೀಲಿಕೈ ಪಡೆಯುವಾಗಲೇ ಹಾಳೆ ಮುಂದಿಟ್ಟು ಸಹಿ ಹಾಕಿಸಿಕೊಳ್ಳಿ. ಮೂರನೆಯದು ಆಕಾಡೇಮಿಷರ್ ಗ್ರಾಡ್, ಪದವಿ.

ಪಾಸ್‌ಪೋರ್ಟ್ ಜೊತೆ ಮಾಗಿಸ್ಟ್ರಾಟಿಶೆಸ್ ಬೆತ್ಸಿರ್ಕ್ಸ್‌ಆಮ್ಟ್ ಎಂಬ ವಾರ್ಡ್ ಮಟ್ಟದ ನಗರ ಕಚೇರಿಗೆ ಹೋಗಿ. ಸಣ್ಣ ಊರಾದರೆ ಅದು ಗೆಮೈಂಡೆಆಮ್ಟ್. ಕೆಲಸ ಮುಗಿದ ಮೇಲೆ ಕೈಗೆ ಬರುವ ದಾಖಲೆಯ ನಿಜವಾದ ಹೆಸರು ಮೆಲ್ಡೆಬೆಷ್ಟೇಟಿಗುಂಗ್, ಆದರೆ ಜನ ಅದನ್ನೂ ಮೆಲ್ಡೆತ್ಸೆಟ್ಟೆಲ್ ಎಂದೇ ಕರೆಯುತ್ತಾರೆ. ಬ್ಯಾಂಕಿನವರು "ಇರೆನ್ ಮೆಲ್ಡೆತ್ಸೆಟ್ಟೆಲ್, ಬಿಟ್ಟೆ" ಎಂದರೆ ಕೊಡಬೇಕಾದ್ದು ಮುದ್ರಿಸಿ ಕೊಟ್ಟ ಈ ದಾಖಲೆಯನ್ನು, ಖಾಲಿ ಅರ್ಜಿಯನ್ನಲ್ಲ.

ಅರ್ಜಿಯಲ್ಲಿ ವಿಳಾಸ ಬರೆಯುವಾಗಲೂ ಒಂದು ಪಾಠವಿದೆ. ವಿಯೆನ್ನಾದಲ್ಲಿ ಬೀದಿಯ ಹೆಸರಿನ ನಂತರ 5/2/14 ಎಂದಿದ್ದರೆ ಐದನೇ ನಂಬರಿನ ಕಟ್ಟಡ, ಎರಡನೇ ಷ್ಟೀಗೆ, ಹದಿನಾಲ್ಕನೇ ಟ್ಯೂರ್ ಎಂದು ಓದಬೇಕು. ಷ್ಟೀಗೆ ಎಂದರೆ ಮೆಟ್ಟಿಲಸಾಲು, ಟ್ಯೂರ್ ಎಂದರೆ ಬಾಗಿಲು. ಕೆಲವೆಡೆ ಟ್ಯೂರ್ ಬದಲು ಟೊಪ್ ಎಂದಿರುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಮನೆ ನಂಬರೇ ಇರುವುದಿಲ್ಲ, ಕರೆಗಂಟೆಯ ಮೇಲಿನ ಹೆಸರೇ ವಿಳಾಸ. ವಿಯೆನ್ನಾದಲ್ಲಿ 14 ಬಿಟ್ಟು ಬರೆದರೆ ಪಾರ್ಸೆಲ್ ಅಂಗಳದಲ್ಲೇ ಅಲೆಯುತ್ತದೆ.

ಬಾಡಿಗೆ ಜಾಹೀರಾತಿನ ಪದಗಳೂ ಬದಲಾಗುತ್ತವೆ. ನೀರು, ಕಸ, ಮೆಟ್ಟಿಲು ಸ್ವಚ್ಛತೆಯ ಖರ್ಚಿಗೆ ಜರ್ಮನಿಯಲ್ಲಿ ನೇಬೆನ್‌ಕೊಸ್ಟೆನ್, ಆಸ್ಟ್ರಿಯಾದಲ್ಲಿ ಬೆಟ್ರೀಬ್ಸ್‌ಕೊಸ್ಟೆನ್. ವಿಯೆನ್ನಾದಲ್ಲಿ ಆಬ್‌ಲ್ಯೋಜೆ ಎಂಬ ಮೊತ್ತ ಕಂಡರೆ ಅದು ಹಿಂದಿನ ಬಾಡಿಗೆದಾರರ ಪೀಠೋಪಕರಣ, ಅಡುಗೆಮನೆಗೆ ಕೊಡುವ ದುಡ್ಡು, ಮುಂಗಡ ಠೇವಣಿಯಲ್ಲ, ವಾಪಸು ಬರುವುದಿಲ್ಲ. ಠೇವಣಿ ಕೌತ್ಸಿಯೋನ್. ಹಳೆಯ ಸಾಮಾನು ಕೊಳ್ಳುವಾಗ ಜೆಸ್ಸೆಲ್ ಎಂದರೆ ಆಸ್ಟ್ರಿಯಾದಲ್ಲಿ ಮಾಮೂಲಿ ಕುರ್ಚಿ, ಜರ್ಮನಿಯಲ್ಲಿ ಮೆತ್ತೆ ಹಾಕಿದ ಆರಾಮಕುರ್ಚಿ. ಕಾಸ್ಟೆನ್ ಎಂದರೆ ಇಲ್ಲಿ ಬಟ್ಟೆಯ ಬೀರು, ಅಲ್ಲಿ ಪೆಟ್ಟಿಗೆ. ಫೋಟೋ ನೋಡದೆ ದುಡ್ಡು ಕಳಿಸಬೇಡಿ.

ಕಚೇರಿಯ ಮೇಜು

ಕೆಲಸದ ಜಾಹೀರಾತಿನಿಂದ ಶುರು ಮಾಡೋಣ. ಆಸ್ಟ್ರಿಯಾದಲ್ಲಿ ಜಾಹೀರಾತಿನಲ್ಲೇ ಕನಿಷ್ಠ ಸಂಬಳ ಬರೆಯಬೇಕೆಂಬ ನಿಯಮವಿದೆ, ಅದು ಹೆಚ್ಚಾಗಿ ತಿಂಗಳ ಮೊತ್ತ. ಬಹುತೇಕ ಉದ್ಯೋಗಗಳಲ್ಲಿ ಆ ಮೊತ್ತ ವರ್ಷಕ್ಕೆ 14 ಸಲ ಬರುತ್ತದೆ, ರಜೆಯ ಹೊತ್ತಿಗೊಂದು, ಕ್ರಿಸ್‌ಮಸ್ ಹೊತ್ತಿಗೊಂದು ಹೆಚ್ಚು. ಜರ್ಮನಿಯ ಅವಕಾಶದೊಂದಿಗೆ ಹೋಲಿಸುವಾಗ 12ರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲ ತಿಂಗಳಲ್ಲಿ ಹೀಗೊಂದು ಇಮೇಲ್ ಬಂದೀತು: "ಆ ಬಿಲ್ಲನ್ನು ನಾನು ಯೆನ್ನರ್‌ನಲ್ಲೇ ಉರ್ಗೀರ್ಟ್ ಮಾಡಿದ್ದೇನೆ, ಎವಿಡೆನ್ತ್ಸ್‌ನಲ್ಲಿಡಿ, ಹೊಯರ್ ಮುಗಿಯಬೇಕು." ಇದರಲ್ಲಿ ನಾಲ್ಕು ಪದ ಆಸ್ಟ್ರಿಯಾದ ಬಳಕೆ. ಯೆನ್ನರ್ ಜನವರಿ. ಉರ್ಗೀರೆನ್ ಎಂದರೆ ಬೇಗ ಮಾಡಿ ಎಂದು ಮತ್ತೆ ನೆನಪಿಸಿ ಒತ್ತಾಯಿಸುವುದು. ಇನ್ ಎವಿಡೆನ್ತ್ಸ್ ಹಾಲ್ಟೆನ್ ಎಂದರೆ ಗಮನದಲ್ಲಿಟ್ಟುಕೊಳ್ಳುವುದು, ಕಡತದಲ್ಲಿ ಕಾದಿರಿಸುವುದು. ಇಂಗ್ಲಿಷಿನ ಎವಿಡೆನ್ಸ್ ನೆನೆದು ಸಾಕ್ಷಿ ಹುಡುಕಲು ಹೋಗಬೇಡಿ. ಹೊಯರ್ ಎಂದರೆ ಈ ವರ್ಷ. ಹೊಯ್ಟೆ, ಅಂದರೆ ಇವತ್ತು ಎಂದು ತಿಳಿದು ಗಾಬರಿಯಿಂದ ರಾತ್ರಿಯೆಲ್ಲಾ ಕುಳಿತವರನ್ನು ಕಂಡಿದ್ದೇನೆ. ಹೊಯರ್ ಬವೇರಿಯಾದಲ್ಲೂ ಇದೆ. ಹ್ಯಾಂಬರ್ಗ್‌ನ ಸಹೋದ್ಯೋಗಿಗೆ ಬರೆಯುವಾಗ ಮಾತ್ರ ಡೀಜೆಸ್ ಯಾರ್ ಎನ್ನಿ.

ಜ್ವರ ಬಂದರೆ ವೈದ್ಯರ ಒರ್ಡಿನಾತ್ಸಿಯೋನ್‌ಗೆ ಹೋಗಬೇಕು, ಜರ್ಮನಿಯಲ್ಲಿ ಅದು ಪ್ರಾಕ್ಸಿಸ್. ದೊಡ್ಡ ಆಸ್ಪತ್ರೆ ಇಲ್ಲಿ ಶ್ಪಿಟಾಲ್, ಅಲ್ಲಿ ಕ್ರಾಂಕೆನ್‌ಹೌಸ್. ಆಮೇಲೆ ಮ್ಯಾನೇಜರಿಗೆ "ಇಷ್ ಬಿನ್ ಇಮ್ ಕ್ರಾಂಕೆನ್‌ಷ್ಟಾಂಡ್" ಎಂದು ಬರೆಯಿರಿ, ಕಾಯಿಲೆ ರಜೆಯಲ್ಲಿದ್ದೇನೆ ಎಂದರ್ಥ. ಜರ್ಮನಿಯಲ್ಲಿ ಕ್ರಾಂಕೆನ್‌ಷ್ಟಾಂಡ್ ಎಂದರೆ ಕಂಪನಿಯಲ್ಲಿ ಎಷ್ಟು ಜನ ಕಾಯಿಲೆ ಬಿದ್ದಿದ್ದಾರೆ ಎಂಬ ಲೆಕ್ಕ; ಅಲ್ಲಿ ನೀವು ಹೇಳಬೇಕಾದ್ದು "ಇಷ್ ಬಿನ್ ಕ್ರಾಂಕ್‌ಗೆಶ್ರೀಬೆನ್". ಸಹೋದ್ಯೋಗಿ ಕಾರೆಂತ್ಸ್‌ನಲ್ಲಿದ್ದಾರೆ ಎಂದು ವಿಯೆನ್ನಾದಲ್ಲಿ ಹೇಳಿದರೆ ಮಗು ಹುಟ್ಟಿದ ಮೇಲಿನ ದೀರ್ಘ ರಜೆ, ಜರ್ಮನಿಯ ಎಲ್ಟರ್ನ್‌ತ್ಸೈಟ್. ನಿವೃತ್ತಿ ವೇತನ ಇಲ್ಲಿ ಎಲ್ಲರಿಗೂ ಪೆನ್ಸಿಯೋನ್. ಜರ್ಮನಿಯಲ್ಲಿ ಸರ್ಕಾರಿ ಅಧಿಕಾರಿಗಳಿಗೆ ಪೆನ್ಸಿಯೋನ್, ಉಳಿದವರಿಗೆ ರೆಂಟೆ.

ಕಂಪನಿ ನಿಮ್ಮನ್ನು ಮುಂದೆ ಜ್ಯೂರಿಕ್‌ಗೆ ಕಳಿಸಿದರೆ ಈ ಹಾಳೆಯನ್ನು ಪಕ್ಕಕ್ಕಿಟ್ಟು CH ಗುರುತಿನದನ್ನು ತೆಗೆಯಿರಿ. ಅಲ್ಲಿ ಸಭೆಯ ವಿಷಯಪಟ್ಟಿ ಟ್ರಾಕ್ಟಾಂಡೆನ್, ಬಾಕಿ ಕೆಲಸಗಳು ಪೆಂಡೆನ್ತ್ಸೆನ್, ವಾರ್ಷಿಕ ರಜೆ ಉರ್ಲೌಬ್ ಅಲ್ಲ ಫೇರಿಯೆನ್. ಜಾಹೀರಾತಿನಲ್ಲಿ ಪೆನ್ಸುಮ್ 80–100% ಎಂದಿದ್ದರೆ ಪೂರ್ಣಾವಧಿ ಕೆಲಸದ ಎಷ್ಟು ಭಾಗ ಎಂದು. ರೈಲಿನ ಪ್ಲಾಟ್‌ಫಾರಂ ಪೆರ್ರೋನ್, ಸೈಕಲ್ ವೇಲೋ. ನೋಂದಣಿಗೆ 14 ದಿನ ಸಿಗುತ್ತದೆ, ಆದರೆ ಹೊರದೇಶದಿಂದ ಬಂದವರು ಕೆಲಸ ಶುರುಮಾಡುವ ಮೊದಲೇ ಮುಗಿಸಬೇಕು. ಕೀಬೋರ್ಡಿನಲ್ಲಿ ß ಹುಡುಕುವ ಕೆಲಸವೂ ತಪ್ಪುತ್ತದೆ, ಸ್ವಿಸ್ಸರು ಅದನ್ನು ಬಳಸುವುದೇ ಇಲ್ಲ, ಎಲ್ಲೆಡೆ ss ಬರೆಯುತ್ತಾರೆ.

ಅಲ್ಲಿ ಇನ್ನೊಂದು ಸಂಗತಿಗೆ ಸಿದ್ಧರಾಗಿರಿ. ಬರೆಯುವುದು ಸ್ವಿಸ್ ಶಿಷ್ಟ ಜರ್ಮನ್, ಆದರೆ ಕಾಫಿ ಕೋಣೆಯಲ್ಲಿ ಆಡುವುದು ಸ್ವಿಸ್ ಜರ್ಮನ್ ಎಂಬ ಆಡುನುಡಿ. ಅದು ಇಲ್ಲಿ ಹೇಳಿದ ಯಾವ ಪಟ್ಟಿಗೂ ಸೇರುವುದಿಲ್ಲ, ಮೊದಲು ಅರ್ಥವೂ ಆಗುವುದಿಲ್ಲ. "ಕ್ಯೊನ್ನೆನ್ ವಿಯರ್ ಹೋಖ್‌ಡೊಯ್ಚ್ ರೇಡೆನ್?" ಎಂದು ಕೇಳಿದರೆ ಸಾಮಾನ್ಯವಾಗಿ ಕೂಡಲೇ ಬದಲಿಸುತ್ತಾರೆ. ಮಾತು ಬಿಸಿಯೇರಿದಾಗ ಮತ್ತೆ ಆಡುನುಡಿಗೆ ಜಾರುತ್ತಾರೆ, ಆಗ ಇನ್ನೊಮ್ಮೆ ಕೇಳಿ. ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ, ಬರ್ಲಿನ್ನಿನಿಂದ ಬಂದವರೂ ಹಾಗೆಯೇ ಕೇಳುತ್ತಾರೆ.